ಸ್ಟಾಕ್ ಎಣಿಸಿದ್ದು ಸರಿ ಬಂತು, ಆದರೂ ಆಡಿಟ್ ಯಾಕೆ ಮುಗಿಯಲಿಲ್ಲ?

ಪ್ರಶ್ನೆ: ನಾನು ಆಡಿಟ್ ಕೆಲಸಕ್ಕೆ ಹೊಸಬ. ಒಂದು ಕಂಪನಿಯ ಸ್ಟಾಕ್ ಪಟ್ಟಿಯಿಂದ 30 ಐಟಂ ಆರಿಸಿಕೊಂಡು ಗೋದಾಮಿನಲ್ಲಿ ಎಣಿಸಿದೆ. ಎಲ್ಲವೂ ಸರಿ ಬಂತು. ಸೀನಿಯರ್ ನೋಡಿ, "ಇದು ಎಕ್ಸಿಸ್ಟೆನ್ಸ್‌ಗೆ ಮಾತ್ರ ಆಯಿತು. ಕಂಪ್ಲೀಟ್‌ನೆಸ್‌ಗೆ ಏನು ಮಾಡಿದೆ? ವ್ಯಾಲ್ಯುಯೇಶನ್‌ಗೆ?" ಅಂದರು. ಮಾಲು ಎಣಿಸಿ ತಾಳೆಯಾದ ಮೇಲೆ ಇನ್ನೇನು ಉಳಿಯುತ್ತದೆ? ಈ ಅಸರ್ಷನ್‌ಗಳನ್ನು ನೋಡಿ ಯಾವ ಪುರಾವೆ ಬೇಕು ಅಂತ ತೀರ್ಮಾನಿಸುವುದು ಹೇಗೆ?

ಉತ್ತರ:

ನಿಮ್ಮ ಸೀನಿಯರ್ ಹೇಳಿದ್ದು ಸರಿ. ನೀವು ಮಾಡಿದ ಕೆಲಸವೂ ಸರಿಯೇ. ಆದರೆ ಆ 30 ಐಟಂಗಳು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿವೆ.

ಬ್ಯಾಲೆನ್ಸ್ ಶೀಟಿನಲ್ಲಿ "ಸ್ಟಾಕ್ 480 ಲಕ್ಷ" ಎಂಬ ಸಾಲು ಇದೆ ಅಂದುಕೊಳ್ಳಿ. ನೋಡಲು ಅದು ಒಂದೇ ಸಾಲು. ಆದರೆ ಅದನ್ನು ಬರೆದಾಗ ಕಂಪನಿಯ ಆಡಳಿತ ನಮಗೆ ಹಲವು ಮಾತು ಹೇಳುತ್ತಿದೆ. ಈ ಮಾಲು ವರ್ಷದ ಕೊನೆಯ ದಿನ ನಿಜವಾಗಿ ಇತ್ತು. ಇದು ನಮ್ಮದೇ. ನಮ್ಮ ಹತ್ತಿರ ಇದ್ದ ಮಾಲೆಲ್ಲ ಈ ಮೊತ್ತದಲ್ಲಿ ಸೇರಿದೆ, ಯಾವುದೂ ಬಿಟ್ಟುಹೋಗಿಲ್ಲ. ಇದಕ್ಕೆ ಹಾಕಿದ ಬೆಲೆಯೂ ಸರಿಯಾಗಿದೆ. ಬಾಯಿಬಿಟ್ಟು ಹೇಳದಿದ್ದರೂ ಆ ಒಂದು ಅಂಕಿಯೊಳಗೆ ಇಷ್ಟೂ ಇದೆ. ಇಂಥ ಒಂದೊಂದು ಮಾತನ್ನೂ ಅಸರ್ಷನ್ ಅನ್ನುತ್ತೇವೆ. ಇರುವಿಕೆಯ ಮಾತು ಎಕ್ಸಿಸ್ಟೆನ್ಸ್. ಏನೂ ಬಿಟ್ಟುಹೋಗಿಲ್ಲ ಅನ್ನುವುದು ಕಂಪ್ಲೀಟ್‌ನೆಸ್. ಬೆಲೆಯ ಮಾತು ವ್ಯಾಲ್ಯುಯೇಶನ್. "ನಮ್ಮದೇ" ಅನ್ನುವುದು ಹಕ್ಕಿನ ಅಸರ್ಷನ್. ಆಡಿಟ್‌ನ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಒಂದಾದ ಐಎಸ್‌ಎ 315ರಲ್ಲಿ ಇವುಗಳ ಪೂರ್ತಿ ಪಟ್ಟಿ ಇದೆ. ಈಗ ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮುಖ್ಯವಾದದ್ದು ಏನೆಂದರೆ, ಈ ಮಾತುಗಳಲ್ಲಿ ಒಂದು ನಿಜವಾಗಿದ್ದು ಇನ್ನೊಂದು ಸುಳ್ಳಾಗಿರಬಹುದು. ಪಟ್ಟಿಯಲ್ಲಿರುವ ಮಾಲೆಲ್ಲ ಗೋದಾಮಿನಲ್ಲಿ ಇದ್ದರೂ, ಗೋದಾಮಿನ ಕೆಲವು ಮಾಲು ಪಟ್ಟಿಯಲ್ಲಿ ಇಲ್ಲದಿರಬಹುದು. ಎರಡೂ ಸರಿಯಿದ್ದರೂ ಅರ್ಧ ಬೆಲೆಗೂ ಹೋಗದ ಮಾಲಿಗೆ ಪೂರ್ತಿ ಬೆಲೆ ಕಟ್ಟಿರಬಹುದು. ಹಾಗಾಗಿ ಯಾವ ಪುರಾವೆ ಹುಡುಕಬೇಕು ಎಂದು ಯೋಚಿಸುವ ಮೊದಲು, "ಈ ಅಂಕಿ ತಪ್ಪಾಗಿದ್ದರೆ ಹೇಗೆ ತಪ್ಪಾಗಿರಬಹುದು?" ಎಂದು ಕೇಳಿಕೊಳ್ಳಿ. ಆ ತಪ್ಪು ಎಲ್ಲಿ ಕಣ್ಣಿಗೆ ಬೀಳುತ್ತದೋ ಅಲ್ಲಿಂದ ಪರೀಕ್ಷೆ ಶುರು ಮಾಡಬೇಕು.

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ನೀರಿನ ಪಂಪು, ಮೋಟಾರು, ಅವುಗಳ ಬಿಡಿಭಾಗ ಮಾರುವ ಒಂದು ಕಂಪನಿ. ವರ್ಷದ ಕೊನೆಯಲ್ಲಿ ಸ್ಟಾಕ್ 480 ಲಕ್ಷ. ಕೊನೆಯ ದಿನ ಸಂಜೆ ಕಂಪನಿಯವರು ಎಣಿಕೆ ಮಾಡಿದರು, ನಾವು ಜೊತೆಗಿದ್ದೆವು. ಅಂಕಿಗಳು ನಾನು ಕಲ್ಪಿಸಿಕೊಂಡವು. ಆದರೆ ಇಲ್ಲಿ ಬರುವ ತಪ್ಪುಗಳು ಸ್ಟಾಕ್ ಆಡಿಟ್‌ನಲ್ಲಿ ಮತ್ತೆ ಮತ್ತೆ ಎದುರಾಗುವಂಥವು.

ಪುಸ್ತಕದಿಂದ ಮಾಲಿನ ಕಡೆಗೆ

ಎಕ್ಸಿಸ್ಟೆನ್ಸ್ ವಿಷಯದಲ್ಲಿ ನಮ್ಮ ಭಯ, ಇಲ್ಲದ್ದನ್ನು ಇದೆ ಅಂತ ಬರೆದಿದ್ದಾರೇನೋ ಎಂಬುದು. ಹಾಗೆ ಬರೆದಿದ್ದರೆ ಅದು ಎಲ್ಲಿರುತ್ತದೆ? ಪಟ್ಟಿಯಲ್ಲಿ. ಹಾಗಾಗಿ ಪಟ್ಟಿಯಿಂದ ಆರಿಸಿಕೊಂಡು ಗೋದಾಮಿಗೆ ಹೋಗಬೇಕು. ನೀವು ಮಾಡಿದ್ದು ಇದನ್ನೇ. ಜಾಸ್ತಿ ಬೆಲೆಯ ಐಟಂಗಳನ್ನು ಹೆಚ್ಚು ಆರಿಸಿಕೊಳ್ಳುವುದೂ ಸರಿ. ಮೊತ್ತವನ್ನು ಉಬ್ಬಿಸಿದ್ದರೆ ಅದು ದೊಡ್ಡ ಸಾಲುಗಳಲ್ಲಿ ಇರುವ ಸಾಧ್ಯತೆ ಹೆಚ್ಚು.

ಇಲ್ಲಿ ಎಂಥ ಪುರಾವೆ ಬೇಕು ಎಂಬುದನ್ನು ಆಡಿಟ್ ಜಗತ್ತು ಕಷ್ಟಪಟ್ಟೇ ಕಲಿತಿದೆ. 1938ರಲ್ಲಿ ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧಿ ಕಂಪನಿಯ ಹಗರಣ ಹೊರಬಂತು. ಸುಮಾರು 87 ಮಿಲಿಯನ್ ಡಾಲರ್ ಆಸ್ತಿಯಲ್ಲಿ ಸುಮಾರು 19 ಮಿಲಿಯನ್ ಡಾಲರ್ ಆಸ್ತಿ ಇರಲೇ ಇಲ್ಲ. ಇಲ್ಲದ ಸ್ಟಾಕ್, ಇಲ್ಲದ ಗಿರಾಕಿಗಳ ಬಾಕಿ. ಆಡಿಟರ್‌ಗಳು ಕಾಗದಪತ್ರ ನೋಡಿದ್ದರು, ಮತ್ತು ಕಾಗದಪತ್ರ ಅಚ್ಚುಕಟ್ಟಾಗಿತ್ತು. ಆದರೆ ಗೋದಾಮಿಗೆ ಹೋಗಿ ಆ ಮಾಲನ್ನು ನೋಡಿರಲಿಲ್ಲ. ಬಾಕಿದಾರರಿಗೆ ನೇರವಾಗಿ ಪತ್ರ ಬರೆದು ಕೇಳಿರಲಿಲ್ಲ. ಆಗಿನ ಪದ್ಧತಿಯಲ್ಲಿ ಅದು ಕಡ್ಡಾಯವೂ ಆಗಿರಲಿಲ್ಲ. 1939ರಲ್ಲಿ ಅಲ್ಲಿನ ಲೆಕ್ಕಿಗರ ಸಂಸ್ಥೆ ಇವೆರಡನ್ನೂ ಆಡಿಟ್‌ನ ನಿಯಮಿತ ಕೆಲಸವಾಗಿ ಮಾಡಿತು. ಇವತ್ತು ಐಎಸ್‌ಎ 501 ಹೇಳುವುದೂ ಅದನ್ನೇ: ಸ್ಟಾಕ್ ಮೊತ್ತ ದೊಡ್ಡದಾಗಿದ್ದರೆ, ತೀರಾ ಅಸಾಧ್ಯವಾಗದ ಹೊರತು ಆಡಿಟರ್ ಎಣಿಕೆಯ ಜಾಗದಲ್ಲಿ ಇರಬೇಕು.

ಆದರೆ ನೋಡಿದ ಮಾತ್ರಕ್ಕೆ ಮುಗಿಯಲಿಲ್ಲ. 1963ರಲ್ಲಿ ಅಮೆರಿಕದಲ್ಲೇ ಅಡುಗೆ ಎಣ್ಣೆಯ ಟ್ಯಾಂಕುಗಳ ಹಗರಣವಾಯಿತು. ಟ್ಯಾಂಕಿನ ಬಹುಪಾಲು ನೀರು, ಮೇಲೆ ಒಂದು ಪದರ ಎಣ್ಣೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಮೇಲಿನಿಂದ ನೋಡಿದವರಿಗೆ ಎಣ್ಣೆಯೇ ಕಂಡಿತು. ಹಾಗಾಗಿ ಪೆಟ್ಟಿಗೆ ಎಣಿಸುವಾಗ ಕೆಲವನ್ನು ಬಿಚ್ಚಿ ನೋಡಿ. ಅಟ್ಟಿಯ ನಡುವೆ ಟೊಳ್ಳಿದೆಯೇ ಎಂದು ಇಣುಕಿ ನೋಡಿ. ಎರಡು ಗೋದಾಮು ಇದ್ದರೆ ಎರಡನ್ನೂ ಒಂದೇ ದಿನ ಎಣಿಸಿ, ಅಥವಾ ನಡುವೆ ಮಾಲಿನ ಓಡಾಟ ನಿಲ್ಲಿಸಲು ಹೇಳಿ. ಇಲ್ಲದಿದ್ದರೆ ಬೆಳಿಗ್ಗೆ ಇಲ್ಲಿ ಎಣಿಸಿದ ಮಾಲು ಮಧ್ಯಾಹ್ನ ಅಲ್ಲಿ ಮತ್ತೆ ಎಣಿಕೆಗೆ ಬರಬಹುದು.

ಈಗ ನಮ್ಮ ಕಂಪನಿಗೆ ಬರೋಣ. ಪಟ್ಟಿಯಲ್ಲಿ ಒಂದು ಬಗೆಯ ಮೋಟಾರು 140 ಇದೆ ಎಂದಿದೆ. ಎಣಿಸಿದರೆ 128. ಹನ್ನೆರಡು ಕಡಿಮೆ. ಒಂದಕ್ಕೆ 15,000, ಒಟ್ಟು 1.8 ಲಕ್ಷ.

ಹೊಸಬರು ಇಲ್ಲಿ "12 ಕಡಿಮೆ" ಎಂದು ಬರೆದು ಮುಂದಿನ ಐಟಂಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರಣ ಗೊತ್ತಾಗದೆ ಈ ಅಂತರಕ್ಕೆ ಅರ್ಥವಿಲ್ಲ. ನಮ್ಮ ಉದಾಹರಣೆಯಲ್ಲಿ ವಿಚಾರಿಸಿದಾಗ ಗೊತ್ತಾಗಿದ್ದು ಇದು. ಅವತ್ತು ಮಧ್ಯಾಹ್ನ 12 ಮೋಟಾರು ಗಿರಾಕಿಗೆ ಹೋಗಿವೆ. ಚಲನ್ ಇದೆ, ಅವತ್ತಿನ ತಾರೀಖಿನ ಮಾರಾಟದ ಬಿಲ್ಲೂ ಇದೆ. ಸ್ಟಾಕಿನಿಂದ ಕಳೆಯುವ ಎಂಟ್ರಿ ಮಾತ್ರ ಮರುದಿನ ಆಗಿದೆ. ಅಂದರೆ ಅದೇ ಮಾಲು ಮಾರಾಟದಲ್ಲೂ ಇದೆ, ಸ್ಟಾಕಿನಲ್ಲೂ ಇದೆ. ಮಾರಾಟದ ಆದಾಯ ಲೆಕ್ಕಕ್ಕೆ ಬಂತು, ಅದರ ಖರ್ಚು ಬರಲಿಲ್ಲ. ಲಾಭ 1.8 ಲಕ್ಷ ಜಾಸ್ತಿ ಕಾಣುತ್ತಿದೆ.

ಬಿಲ್ಲೂ ಮರುದಿನದ ತಾರೀಖಿನದಾಗಿದ್ದರೆ ಕಥೆಯೇ ಬೇರೆ. ಆಗ ಸ್ಟಾಕ್ 1.8 ಲಕ್ಷ ಜಾಸ್ತಿ, ಆದರೆ ಮಾರಾಟ ಮತ್ತು ಗಿರಾಕಿಯ ಬಾಕಿ ಕಡಿಮೆ. ಇನ್ನು ಮೋಟಾರು ಕಳುವಾಗಿದ್ದರೆ ಮತ್ತೂ ಬೇರೆ. ಒಂದೇ ಅಂತರಕ್ಕೆ ಮೂರು ಕಾರಣ, ಮೂರು ಪರಿಣಾಮ. ಇಂಥ ತಪ್ಪು ಒಂದರಲ್ಲೇ ನಿಲ್ಲುವುದೂ ಅಪರೂಪ. ಹಾಗಾಗಿ ಕೊನೆಯ ಕೆಲವು ದಿನಗಳ ಚಲನ್‌ಗಳನ್ನೆಲ್ಲ ತೆಗೆದು, ಪ್ರತಿಯೊಂದರ ಬಿಲ್ಲು ಮತ್ತು ಸ್ಟಾಕ್ ಎಂಟ್ರಿ ಒಂದೇ ವರ್ಷಕ್ಕೆ ಬಿದ್ದಿದೆಯೇ ಎಂದು ನೋಡಬೇಕು. ಎಣಿಕೆಯ ದಿನವೇ ಕೊನೆಯ ಚಲನ್ ನಂಬರ್ ಬರೆದಿಟ್ಟುಕೊಳ್ಳಲು ಹೇಳುವುದು ಇದಕ್ಕೇ. ಆಮೇಲೆ ಯಾರಾದರೂ ತಾರೀಖು ತಿದ್ದಿದರೂ ನಂಬರಿನ ಸಾಲು ತಪ್ಪನ್ನು ತೋರಿಸಿಬಿಡುತ್ತದೆ.

ಮಾಲಿನಿಂದ ಪುಸ್ತಕದ ಕಡೆಗೆ

ಈಗ ನಿಮ್ಮ ಸೀನಿಯರ್ ಕೇಳಿದ ಮೊದಲ ಪ್ರಶ್ನೆ. ಕಂಪ್ಲೀಟ್‌ನೆಸ್‌ನಲ್ಲಿ ನಮ್ಮ ಭಯ ತಿರುಗಿಬೀಳುತ್ತದೆ. ಇರುವುದನ್ನು ಬರೆಯದೆ ಬಿಟ್ಟಿದ್ದಾರೇನೋ ಎಂಬುದು ಈಗಿನ ಅನುಮಾನ.

ಹಾಗೆ ಬಿಟ್ಟುಹೋದದ್ದು ಪಟ್ಟಿಯಲ್ಲಿ ಸಿಗುತ್ತದೆಯೇ? ಸಿಗಲು ಸಾಧ್ಯವೇ ಇಲ್ಲ, ಅಲ್ವಾ? ಪಟ್ಟಿಯಿಂದ 30ರ ಬದಲು 300 ಐಟಂ ಆರಿಸಿ ಎಣಿಸಿದರೂ, ಪಟ್ಟಿಯಲ್ಲಿ ಇಲ್ಲದ ಒಂದು ಐಟಂ ನಿಮ್ಮ ಕೈಗೆ ಬರುವುದಿಲ್ಲ. ಸ್ಯಾಂಪಲ್ ದೊಡ್ಡದು ಮಾಡಿ ಈ ಕೊರತೆ ತುಂಬಲಾಗದು, ಏಕೆಂದರೆ ತಪ್ಪಿರುವುದು ಸ್ಯಾಂಪಲ್ ತೆಗೆದ ಜಾಗದಲ್ಲಿ. ನಿಮ್ಮ ಸೀನಿಯರ್ ಹೇಳಿದ್ದರ ತಿರುಳು ಇದೇ.

ಹಾಗಾಗಿ ಈ ಸಲ ಗೋದಾಮಿನಲ್ಲಿ ಶುರು ಮಾಡಿ. ಪಟ್ಟಿಯನ್ನು ಕೈಯಲ್ಲಿ ಹಿಡಿಯದೆ ಓಡಾಡಿ. ಮೂಲೆಯ ಕಪಾಟು, ಬಾಗಿಲ ಹತ್ತಿರ ಇನ್ನೂ ಬಿಚ್ಚದ ಪೆಟ್ಟಿಗೆ, ಹೊರಗೆ ಟಾರ್ಪಾಲಿನ್ ಕೆಳಗೆ ಇಟ್ಟದ್ದು, ಹೀಗೆ ಅಲ್ಲಲ್ಲಿ ಆರಿಸಿ ಎಣಿಸಿ ಬರೆದುಕೊಳ್ಳಿ. ಆಮೇಲೆ ಅವು ಪಟ್ಟಿಯಲ್ಲಿ ಇವೆಯೇ ಎಂದು ಹುಡುಕಿ.

ನಮ್ಮ ಕಂಪನಿಯಲ್ಲಿ ಹೀಗೆ ಮಾಡಿದಾಗ ಪಟ್ಟಿಯಲ್ಲಿ ಇಲ್ಲದ ಎರಡು ಸಿಕ್ಕವು. ಮೊದಲನೆಯದು ಮೂಲೆಯ ಕಪಾಟಿನಲ್ಲಿದ್ದ 40 ವಾಲ್ವ್. ಕೇಳಿದರೆ, ಗಿರಾಕಿಯೊಬ್ಬರು ರಿಪೇರಿಗೆ ಕಳಿಸಿದ್ದು ಎಂದರು. ಬಾಯಿಮಾತು ಸಾಲದು. ಗಿರಾಕಿ ಕಳಿಸಿದ ಚಲನ್ ನೋಡಿದೆವು, ರಿಪೇರಿ ರಿಜಿಸ್ಟರಿನಲ್ಲೂ ಬರೆದಿತ್ತು. ಸರಿ, ಇದು ಕಂಪನಿಯ ಮಾಲಲ್ಲ, ಪಟ್ಟಿಯಲ್ಲಿ ಇರಬಾರದು. ಇದೇ ವಾಲ್ವ್‌ಗಳು ಪಟ್ಟಿಯಲ್ಲಿ ಇದ್ದಿದ್ದರೆ? ಎಣಿಕೆ ಪಕ್ಕಾ ತಾಳೆಯಾಗುತ್ತಿತ್ತು, ಎಕ್ಸಿಸ್ಟೆನ್ಸ್ ಪರೀಕ್ಷೆ ಪಾಸಾಗುತ್ತಿತ್ತು, ಸ್ಟಾಕ್ ಮಾತ್ರ ತಪ್ಪಾಗಿರುತ್ತಿತ್ತು. ಕಣ್ಣೆದುರು ಇರುವುದು ಬೇರೆ, ನಮ್ಮದಾಗಿರುವುದು ಬೇರೆ. ಹಕ್ಕನ್ನು ಪ್ರತ್ಯೇಕ ಅಸರ್ಷನ್ ಆಗಿ ಇಟ್ಟಿರುವುದು ಇದಕ್ಕೇ. ಅದಕ್ಕೆ ಬೇಕಾದ ಪುರಾವೆ ಖರೀದಿಯ ಬಿಲ್ಲು, ಒಪ್ಪಂದ, ಚಲನ್ ಇಂಥವು. ಎಣಿಕೆ ಅದನ್ನು ಹೇಳಲಾರದು.

ಎರಡನೆಯದು ಬಾಗಿಲ ಹತ್ತಿರದ ಪೆಟ್ಟಿಗೆಗಳಲ್ಲಿದ್ದ 25 ಕಪ್ಲಿಂಗ್. ಇವು ಕೊನೆಯ ದಿನ ಮಧ್ಯಾಹ್ನ ಬಂದಿವೆ. ಮಾಲು ಬಂದಾಗ ಗೋದಾಮಿನವರು ಬರೆಯುವ ಜಿಆರ್‌ಎನ್ ಕೂಡ ಆಗಿದೆ. ಆದರೆ ಸಪ್ಲೈಯರ್‌ನ ಬಿಲ್ಲು ಬಂದಿಲ್ಲ. ಬಿಲ್ಲು ಬರದೆ ಅಕೌಂಟ್ಸ್‌ನವರು ಎಂಟ್ರಿ ಹಾಕಿಲ್ಲ. ಒಂದಕ್ಕೆ 8,000, ಒಟ್ಟು 2 ಲಕ್ಷ.

ಇದರಿಂದ ಲಾಭ ಎಷ್ಟು ತಪ್ಪಾಯಿತು? ಏನೂ ಇಲ್ಲ. ಸ್ಟಾಕ್ 2 ಲಕ್ಷ ಕಡಿಮೆ, ಸಪ್ಲೈಯರ್‌ಗೆ ಕೊಡಬೇಕಾದ ಬಾಕಿಯೂ 2 ಲಕ್ಷ ಕಡಿಮೆ. ಎರಡೂ ಒಟ್ಟಿಗೆ ಬಿಟ್ಟುಹೋದ್ದರಿಂದ ಎಲ್ಲೂ ಏರುಪೇರು ಕಾಣಿಸುವುದಿಲ್ಲ. ಲಾಭದ ಪ್ರಮಾಣ ಹಿಂದಿನ ವರ್ಷದಂತೆಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನಿಜಕ್ಕೂ ಅಪಾಯದ ಸನ್ನಿವೇಶ ಇನ್ನೊಂದಿದೆ. ಎಣಿಕೆಯಲ್ಲಿ ಈ 25 ಕಪ್ಲಿಂಗ್ ಸೇರಿಕೊಂಡು ಸ್ಟಾಕಿಗೆ ಬಂದುಬಿಟ್ಟರೆ, ಖರೀದಿ ಮತ್ತು ಬಾಕಿ ಮಾತ್ರ ಬರೆಯದೆ ಉಳಿದರೆ, ಲಾಭ ನೇರವಾಗಿ 2 ಲಕ್ಷ ಉಬ್ಬುತ್ತದೆ. ಆಗ ಸ್ಟಾಕಿನ ಅಂಕಿ ಸರಿ, ತಪ್ಪಿರುವುದು ಸಾಲದ ಕಡೆ. ಹಾಗಾಗಿ ಎಣಿಕೆಯ ದಿನ ಕೊನೆಯ ಚಲನ್ ನಂಬರಿನ ಜೊತೆ ಕೊನೆಯ ಜಿಆರ್‌ಎನ್ ನಂಬರನ್ನೂ ಬರೆದುಕೊಳ್ಳಬೇಕು.

ಎಣಿಕೆ ಹಾಳೆಗಳ ವಿಷಯದಲ್ಲೂ ಇದೇ ಎರಡು ದಿಕ್ಕು ಇದೆ, ಹೊಸಬರು ಇದನ್ನು ಮರೆಯುವುದು ಜಾಸ್ತಿ. ಗೋದಾಮಿನಲ್ಲಿ ತುಂಬಿದ ಎಣಿಕೆ ಹಾಳೆಗಳು ಒಂದು ಕಡೆ, ಕೊನೆಗೆ ಕಂಪ್ಯೂಟರಿನಿಂದ ಬರುವ ಬೆಲೆ ಸಮೇತ ಪಟ್ಟಿ ಇನ್ನೊಂದು ಕಡೆ. ಹಾಳೆಯಿಂದ ಪಟ್ಟಿಗೆ ಹೋದರೆ, ಎಣಿಸಿದ್ದು ಬಿಟ್ಟುಹೋಗಿಲ್ಲ ಎಂದು ಗೊತ್ತಾಗುತ್ತದೆ. ಪಟ್ಟಿಯಿಂದ ಹಾಳೆಗೆ ಹೋದರೆ, ಎಣಿಸದ್ದನ್ನು ಆಮೇಲೆ ಸೇರಿಸಿಲ್ಲ ಎಂದು ಗೊತ್ತಾಗುತ್ತದೆ. ಹಾಳೆಗಳಿಗೆ ಮೊದಲೇ ನಂಬರ್ ಇದ್ದರೆ, ಎಷ್ಟು ಹಾಳೆ ಕೊಟ್ಟರು, ಎಷ್ಟು ವಾಪಸ್ ಬಂತು, ಖಾಲಿ ಉಳಿದದ್ದು ಯಾವುದು ಎಂದು ಬರೆದಿಟ್ಟುಕೊಳ್ಳಿ. ಖಾಲಿ ಹಾಳೆ ನಾಲ್ಕು ದಿನದ ಮೇಲೆ ತುಂಬಿ ಬರಬಾರದು.

ಎರಡರಲ್ಲಿ ಯಾವುದಕ್ಕೆ ಒತ್ತು?

ಎರಡೂ ದಿಕ್ಕಿನಲ್ಲಿ ಅಷ್ಟಷ್ಟೇ ಕೆಲಸ ಮಾಡಬೇಕು ಎಂದೇನಿಲ್ಲ. ಐಎಸ್‌ಎ 315 ಕೂಡ ದೊಡ್ಡ ತಪ್ಪಿನ ಅಪಾಯ ಇರುವ ಅಸರ್ಷನ್ ಯಾವುದು ಎಂದು ಗುರುತಿಸಲು ಹೇಳುತ್ತದೆ. ಬ್ಯಾಂಕಿನಿಂದ ಸಾಲ ತೆಗೆಯಲು ಹೊರಟ ಕಂಪನಿಗೆ ಆಸ್ತಿ ಹೆಚ್ಚಾಗಿ ತೋರಿಸುವ ಆಸೆ ಇರುತ್ತದೆ, ಅಲ್ಲಿ ಸ್ಟಾಕಿನ ಎಕ್ಸಿಸ್ಟೆನ್ಸ್ ಮುಖ್ಯ. ತೆರಿಗೆ ಕಡಿಮೆ ಮಾಡಿಕೊಳ್ಳಲು ಲಾಭ ಇಳಿಸಬೇಕೆಂದಿರುವ ಮಾಲೀಕರಿದ್ದರೆ, ಸ್ಟಾಕ್ ಮುಚ್ಚಿಡುವ ಸಾಧ್ಯತೆ ಹೆಚ್ಚು. ಅಲ್ಲಿ ಕಂಪ್ಲೀಟ್‌ನೆಸ್ ಮೇಲೆ ಬರುತ್ತದೆ.

ಸಾಲದ ಕಡೆ, ಅಂದರೆ ಸಪ್ಲೈಯರ್‌ಗಳಿಗೆ ಕೊಡಬೇಕಾದ ಬಾಕಿಯಲ್ಲಿ, ಸಾಮಾನ್ಯವಾಗಿ ಕಂಪ್ಲೀಟ್‌ನೆಸ್‌ಗೇ ಮೊದಲ ಸ್ಥಾನ. ಇಲ್ಲದ ಸಾಲವನ್ನು ಸುಮ್ನೆ ಯಾರೂ ಬರೆದುಕೊಳ್ಳುವುದಿಲ್ಲ, ಇರುವ ಸಾಲವನ್ನು ಬಿಡುತ್ತಾರೆ. ಬಾಕಿ ಪಟ್ಟಿಯಲ್ಲಿ ದೊಡ್ಡ ಮೊತ್ತ ಇರುವ ಹತ್ತು ಸಪ್ಲೈಯರ್‌ಗಳನ್ನು ಆರಿಸಿ ಬಿಲ್ಲು ನೋಡಿದರೆ, ಬರೆದಿರುವುದು ಸರಿ ಎಂದಷ್ಟೇ ತಿಳಿಯುತ್ತದೆ. ಬರೆಯದೆ ಬಿಟ್ಟದ್ದು ಕಾಣಬೇಕಾದರೆ ಬೇರೆ ಜಾಗ ಹುಡುಕಬೇಕು. ಹೊಸ ವರ್ಷದ ಮೊದಲ ಒಂದೆರಡು ತಿಂಗಳಲ್ಲಿ ಬ್ಯಾಂಕಿನಿಂದ ಹೋದ ಪಾವತಿಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದೂ ಯಾವ ಮಾಲಿಗೆ, ಯಾವ ಸೇವೆಗೆ, ಅದು ಯಾವಾಗ ಬಂತು ಎಂದು ನೋಡಿ. ಹಳೆಯ ವರ್ಷದಲ್ಲಿ ಬಂದದ್ದಾದರೆ ಅದು ಹಳೆಯ ವರ್ಷದ ಬಾಕಿ ಪಟ್ಟಿಯಲ್ಲಿ ಇರಬೇಕು. ಬಿಲ್ಲು ಬರದೆ ಉಳಿದ ಜಿಆರ್‌ಎನ್‌ಗಳನ್ನೂ ಹೀಗೇ ನೋಡಿ. ಸಪ್ಲೈಯರ್‌ಗಳು ಕಳಿಸುವ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವಾಗ, ವರ್ಷವಿಡೀ ಹೆಚ್ಚು ಖರೀದಿ ಯಾರಿಂದ ಆಗಿದೆ ಎಂಬುದರ ಮೇಲೆ ಸಪ್ಲೈಯರ್‌ಗಳನ್ನು ಆರಿಸಿ, ಪಟ್ಟಿಯ ಬಾಕಿ ಮೊತ್ತದ ಮೇಲೆ ಅಲ್ಲ. ಅವರಲ್ಲಿ ಒಬ್ಬರ ಬಾಕಿ ವರ್ಷದ ಕೊನೆಗೆ ಸೊನ್ನೆ ಎಂದು ತೋರಿಸಿದ್ದರೆ ಅವರನ್ನು ಖಂಡಿತ ಬಿಡಬೇಡಿ. ಬಿಟ್ಟುಹೋದ ಬಾಕಿ ಸೊನ್ನೆಯ ಹಿಂದೆಯೇ ಅಡಗಿರುತ್ತದೆ.

ಎಣಿಕೆ ಹೇಳದ ವಿಷಯ

ಇನ್ನು ವ್ಯಾಲ್ಯುಯೇಶನ್. ಇಲ್ಲಿ ಪುಸ್ತಕದಿಂದ ಮಾಲಿಗೆ, ಮಾಲಿನಿಂದ ಪುಸ್ತಕಕ್ಕೆ ಎಷ್ಟು ಸಲ ಓಡಾಡಿದರೂ ಉತ್ತರ ಸಿಗುವುದಿಲ್ಲ. ಮಾಲು ಇದೆ, ನಮ್ಮದೇ, ಪಟ್ಟಿಯಲ್ಲೂ ಇದೆ. ಪ್ರಶ್ನೆ ಇಷ್ಟೇ: ಅದಕ್ಕೆ ಹಾಕಿದ ಬೆಲೆ ಸರಿಯೇ?

ಸ್ಟಾಕಿಗೆ ಇರುವ ನಿಯಮ ಸರಳ. ಲೆಕ್ಕಪತ್ರದ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 2 ಪ್ರಕಾರ, ಕೊಂಡ ಖರ್ಚು ಅಥವಾ ಮಾರಿದರೆ ಕೈಗೆ ಉಳಿಯುವ ನಿವ್ವಳ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಾಕಬೇಕು. ಹಾಗಾಗಿ ಪುರಾವೆಯೂ ಎರಡು ಕಡೆಯಿಂದ ಬರಬೇಕು. ಕೊಂಡ ಖರ್ಚಿಗೆ ಖರೀದಿ ಬಿಲ್ಲು ನೋಡುತ್ತೇವೆ. ಸಾಗಣೆ ಖರ್ಚು ಸೇರಿದೆಯೇ, ಸಪ್ಲೈಯರ್ ಕೊಟ್ಟ ರಿಯಾಯಿತಿ ಕಳೆದಿದ್ದಾರೆಯೇ, ಬೇರೆ ಬೇರೆ ಬೆಲೆಗೆ ಕೊಂಡಿದ್ದರೆ ಕಂಪನಿ ತಾನು ಹೇಳುವ ಪದ್ಧತಿಯಲ್ಲೇ ಲೆಕ್ಕ ಹಾಕಿದೆಯೇ ಎಂದು ಪರೀಕ್ಷಿಸುತ್ತೇವೆ. ಇದು ತಾಳ್ಮೆಯ ಕೆಲಸ, ಕಷ್ಟವೇನಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ಆ ಮಾಲು ಎಷ್ಟಕ್ಕೆ ಹೋಗುತ್ತದೆ? ಇದಕ್ಕೆ ಒಳ್ಳೆಯ ಪುರಾವೆ ಸಾಮಾನ್ಯವಾಗಿ ವರ್ಷ ಮುಗಿದ ಮೇಲೆ ಹುಟ್ಟುತ್ತದೆ. ನಮ್ಮ ಕಂಪನಿಯಲ್ಲಿ ಹಳೆಯ ಮಾದರಿಯ 60 ಮೋಟಾರು ಇವೆ. ಎಣಿಸಿದರೆ ಸರಿಯಾಗಿ 60. ಖರೀದಿ ಬಿಲ್ಲಿನಲ್ಲಿ ಒಂದಕ್ಕೆ 9,000, ಪಟ್ಟಿಯಲ್ಲೂ 9,000, ಒಟ್ಟು 5.4 ಲಕ್ಷ. ಎಲ್ಲ ತಾಳೆಯಾಗಿದೆ. ಆದರೆ ಎಣಿಕೆಯ ದಿನ ಆ ಪೆಟ್ಟಿಗೆಗಳ ಮೇಲೆ ದಪ್ಪ ಧೂಳಿತ್ತು ಎಂದು ನಮ್ಮ ಹಾಳೆಯಲ್ಲಿ ಬರೆದಿಟ್ಟಿದ್ದೆವು. ಹೊಸ ವರ್ಷದ ಮಾರಾಟದ ಬಿಲ್ಲುಗಳನ್ನು ತೆಗೆದು ನೋಡಿದೆವು. ಈ ಮಾದರಿ ಒಂದು 6,500ಕ್ಕೆ ಹೋಗುತ್ತಿದೆ, ಅದನ್ನು ಮಾರಲು ತಗಲುವ ಖರ್ಚು 500. ಕೈಗೆ ಉಳಿಯುವುದು 6,000. ಅಂದರೆ ಒಂದಕ್ಕೆ 3,000ದಂತೆ 1.8 ಲಕ್ಷ ಇಳಿಸಬೇಕು.

ಎಣಿಕೆಗೆ ಹೋದಾಗ ವ್ಯಾಲ್ಯುಯೇಶನ್ ಸಿಗುವುದಿಲ್ಲ, ಆದರೆ ಅದರ ಸುಳಿವು ಸಿಗುತ್ತದೆ. ಧೂಳು, ತುಕ್ಕು, ಹರಿದ ಪ್ಯಾಕಿಂಗ್, ಹಳೆಯ ಲೇಬಲ್ ಇವನ್ನೆಲ್ಲ ಬರೆದುಕೊಳ್ಳಿ. ಸ್ಯಾಂಪಲ್ ಆರಿಸುವ ರೀತಿಯೂ ಇಲ್ಲಿ ಬದಲಾಗುತ್ತದೆ. ಎಕ್ಸಿಸ್ಟೆನ್ಸ್‌ಗೆ ದೊಡ್ಡ ಮೊತ್ತದ ಐಟಂ ಹುಡುಕಿದಿರಿ. ಇಲ್ಲಿ ನಿಧಾನವಾಗಿ ಹೋಗುವ, ಹಳೆಯದಾದ, ಈಚೆಗೆ ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾದ ಐಟಂ ಹುಡುಕಬೇಕು.

ಅಂಥವನ್ನು ಹುಡುಕಲು ಕಂಪನಿಯವರು ತಮ್ಮ ಸಿಸ್ಟಮ್‌ನಿಂದ ಒಂದು ವರದಿ ಕೊಡುತ್ತಾರೆ, ಯಾವ ಮಾಲು ಎಷ್ಟು ದಿನದಿಂದ ಬಿದ್ದಿದೆ ಎಂದು. ಅದನ್ನು ಹಾಗೇ ನಂಬಬೇಡಿ. ಕಂಪನಿಯೇ ತಯಾರಿಸಿದ ಮಾಹಿತಿಯನ್ನು ಪುರಾವೆಯಾಗಿ ಬಳಸುವ ಮುಂಚೆ ಅದು ಸರಿಯಾಗಿದೆಯೇ, ಪೂರ್ತಿಯಾಗಿದೆಯೇ ಎಂದು ಪರೀಕ್ಷಿಸಬೇಕು ಎಂದು ಐಎಸ್‌ಎ 500 ಹೇಳುತ್ತದೆ. ಕೆಲವು ಸಿಸ್ಟಮ್‌ಗಳಲ್ಲಿ ವಯಸ್ಸಿನ ಲೆಕ್ಕ "ಕೊನೆಯ ಚಲನೆಯ ತಾರೀಖಿನಿಂದ" ನಡೆಯುತ್ತದೆ. ಮಾಲನ್ನು ಒಂದು ಗೋದಾಮಿನಿಂದ ಇನ್ನೊಂದಕ್ಕೆ ಕಳಿಸಿದರೂ ಅದು ಚಲನೆಯೇ. ಮೂರು ವರ್ಷದ ಮಾಲು ಒಂದು ಎಂಟ್ರಿಯಿಂದ ಹೊಸದಾಗಿಬಿಡುತ್ತದೆ. ಹಾಗಾಗಿ ಕೆಲವು ಐಟಂ ಆರಿಸಿ, ವರದಿ ಹೇಳುವ ವಯಸ್ಸನ್ನು ನಿಜವಾದ ಖರೀದಿ ಬಿಲ್ಲಿನ ತಾರೀಖಿನ ಜೊತೆ ಹೋಲಿಸಿ ನೋಡಿ.

ಗಿರಾಕಿಗಳ ಬಾಕಿಯಲ್ಲೂ ಇದೇ ಗೊಂದಲ ಆಗುತ್ತದೆ. ಗಿರಾಕಿಗೆ ನೇರವಾಗಿ ಪತ್ರ ಬರೆದು, "ಹೌದು, ನಾನು 10 ಲಕ್ಷ ಕೊಡಬೇಕು" ಎಂಬ ಉತ್ತರ ನಮ್ಮ ಕೈಗೇ ಬಂದರೆ, ಬಾಕಿ ಇರುವುದಕ್ಕೆ ಅದು ಗಟ್ಟಿ ಪುರಾವೆ. ಅವನು ಕೊಡುತ್ತಾನೆಯೇ ಎಂಬುದಕ್ಕೆ ಅದು ಪುರಾವೆ ಅಲ್ಲ. ದಿವಾಳಿ ಅಂಚಿನಲ್ಲಿರುವವನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬಹುದು. ಕೊಡುತ್ತಾನೆಯೇ ಎಂಬುದಕ್ಕೆ ವರ್ಷ ಮುಗಿದ ಮೇಲೆ ಬ್ಯಾಂಕಿಗೆ ಬಂದ ಹಣ ನೋಡಿ, ಹಿಂದೆ ಎಷ್ಟು ತಡ ಮಾಡಿದ್ದಾನೆ ನೋಡಿ. ಆಮೇಲೆ ಬಂದ ಹಣ ಬಾಕಿ ಇತ್ತು ಎಂಬುದಕ್ಕೂ ಸಾಕ್ಷಿಯಾಗುತ್ತದೆ, ಆದರೆ ಅದು ಹಳೆಯ ಬಿಲ್ಲಿಗೇ ಬಂದ ಹಣ ಎಂದು ಖಾತ್ರಿ ಮಾಡಿಕೊಂಡಾಗ ಮಾತ್ರ.

ಎಲ್ಲ ಕೂಡಿಸಿದಾಗ

ಈಗ ನಮ್ಮ ಕಂಪನಿಯ ಮೂರು ತಪ್ಪನ್ನೂ ಒಟ್ಟಿಗೆ ಇಡಿ. ಎಕ್ಸಿಸ್ಟೆನ್ಸ್‌ನಲ್ಲಿ ಸ್ಟಾಕ್ 1.8 ಲಕ್ಷ ಜಾಸ್ತಿ. ಕಂಪ್ಲೀಟ್‌ನೆಸ್‌ನಲ್ಲಿ 2 ಲಕ್ಷ ಕಡಿಮೆ. ವ್ಯಾಲ್ಯುಯೇಶನ್‌ನಲ್ಲಿ 1.8 ಲಕ್ಷ ಜಾಸ್ತಿ. ಸ್ಟಾಕ್ 480ರ ಬದಲು 478.4 ಲಕ್ಷ ಆಗಬೇಕು. ಅಂತರ ಬರೀ 1.6 ಲಕ್ಷ. ಒಂದು ಸಾಲಿನ ಮೊತ್ತ ನೋಡಿದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು.

ಲಾಭದ ಕಡೆ ನೋಡಿ. ಎಕ್ಸಿಸ್ಟೆನ್ಸ್ ತಪ್ಪಿನಿಂದ ಲಾಭ 1.8 ಲಕ್ಷ ಜಾಸ್ತಿ. ವ್ಯಾಲ್ಯುಯೇಶನ್ ತಪ್ಪಿನಿಂದ ಇನ್ನೂ 1.8 ಲಕ್ಷ. ಕಂಪ್ಲೀಟ್‌ನೆಸ್ ತಪ್ಪು ಲಾಭವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅದನ್ನು ಇವೆರಡರಿಂದ ಕಳೆಯುವಂತಿಲ್ಲ. ಲಾಭ 3.6 ಲಕ್ಷ ಉಬ್ಬಿದೆ, ಸಪ್ಲೈಯರ್ ಬಾಕಿ 2 ಲಕ್ಷ ಕಡಿಮೆ ಇದೆ. ಸ್ಟಾಕ್ ಸಾಲಿನ 1.6 ಲಕ್ಷ ಇವೆರಡನ್ನೂ ಮುಚ್ಚಿಟ್ಟಿತ್ತು. ಸಿಕ್ಕ ತಪ್ಪುಗಳನ್ನು ಒಂದಕ್ಕೊಂದು ವಜಾ ಹಾಕಿ ಒಂದೇ ಅಂಕಿ ಬರೆಯಬೇಡಿ, ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ, ಎಲ್ಲೆಲ್ಲಿ ಪರಿಣಾಮ ಇದೆ ಎಂದು ತೋರಿಸಿ ಬರೆಯಿರಿ. ಮೊದಲ 1.8 ಲಕ್ಷ ನಿಮ್ಮ ಸ್ಯಾಂಪಲ್‌ನಲ್ಲಿ ಸಿಕ್ಕ ತಪ್ಪು ಎಂಬುದನ್ನೂ ಮರೆಯಬೇಡಿ. ನೀವು ನೋಡದ ಐಟಂಗಳಲ್ಲಿ ಇಂಥದ್ದು ಇನ್ನೆಷ್ಟಿರಬಹುದು ಎಂದು ಅಂದಾಜು ಮಾಡಿದ ಮೇಲೆಯೇ ಅದು ಚಿಕ್ಕದೋ ದೊಡ್ಡದೋ ಎಂದು ಹೇಳಲು ಸಾಧ್ಯ.

ನಿಮ್ಮ ಫೈಲಿನ ಮಟ್ಟಿಗೆ ಮುಂದೆ ಮಾಡಬೇಕಾದದ್ದು ಇಷ್ಟು. ಎಣಿಸಿದ 30 ಐಟಂಗಳ ಹಾಳೆಯ ಮೇಲೆ "ಎಕ್ಸಿಸ್ಟೆನ್ಸ್, ಪಟ್ಟಿಯಿಂದ ಗೋದಾಮಿಗೆ" ಎಂದು ಬರೆಯಿರಿ. ಗೋದಾಮಿನಿಂದ ಪಟ್ಟಿಗೆ ನಡೆಸುವ ಎಣಿಕೆಗೆ ಬೇರೆ ಹಾಳೆ ಇರಲಿ. ವರ್ಷ ಮುಗಿದು ಕೆಲವು ದಿನ ಕಳೆದಿದ್ದರೆ, ಇವತ್ತು ಎಣಿಸಿದ್ದಕ್ಕೆ ಅಂದಿನಿಂದ ಮಾರಿದ್ದನ್ನು ಕೂಡಿಸಿ, ಬಂದದ್ದನ್ನು ಕಳೆದು ವರ್ಷದ ಕೊನೆಯ ದಿನಕ್ಕೆ ತರಬೇಕು. ಆ ಓಡಾಟದ ಚಲನ್ ಮತ್ತು ಜಿಆರ್‌ಎನ್‌ಗಳನ್ನೂ ಪರೀಕ್ಷಿಸಬೇಕು. ಜೊತೆಗೆ ಕಂಪನಿಯವರಿಂದ ಮೂರು ದಾಖಲೆ ಕೇಳಿ: ವರ್ಷದ ಕೊನೆಯ ದಿನಕ್ಕೆ ಬಿಲ್ಲು ಬರದೆ ಉಳಿದ ಜಿಆರ್‌ಎನ್‌ಗಳ ಪಟ್ಟಿ, ಹೊಸ ವರ್ಷದಲ್ಲಿ ಈವರೆಗೆ ಆದ ಮಾರಾಟದ ಬಿಲ್ಲುಗಳು, ಮತ್ತು ಪ್ರತಿ ಐಟಂ ಕೊನೆಯದಾಗಿ ಯಾವಾಗ ಕೊಂಡದ್ದು, ಯಾವಾಗ ಮಾರಿದ್ದು ಎಂದು ಬೇರೆ ಬೇರೆ ಕಾಲಮ್‌ನಲ್ಲಿ ತೋರಿಸುವ ವರದಿ. ಮೊದಲನೆಯದರಿಂದ ಕಂಪ್ಲೀಟ್‌ನೆಸ್ ಕೆಲಸ ಶುರು ಮಾಡಿ, ಉಳಿದ ಎರಡರಿಂದ ವ್ಯಾಲ್ಯುಯೇಶನ್.